ಬೆಳಗಿನ ಕೆರೆ, ಮಧ್ಯಾಹ್ನದ ಕೆರೆ

ಕೆರೆಯಲ್ಲಿ ಮೀನು ಸತ್ತು ತೇಲಿದ ಸುದ್ದಿ ಬಹುಮಟ್ಟಿಗೆ ಬೆಳಗಿನ ಹೊತ್ತೇ ಬರುತ್ತದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ರಾಶಿ ರಾಶಿ ಮೀನು ಸತ್ತಾಗ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿತ್ತು ಎಂಬ ಮಾತು ಕೇಳಿಬಂತು. ಅಂಥ ಮಾತನ್ನು ಪರೀಕ್ಷಿಸಿ ನೋಡೋಣ ಎಂದು ಯಾರಾದರೂ ಬಾಟಲಿ ಹಿಡಿದು ಕೆರೆಗೆ ಹೋಗುವ ಹೊತ್ತಿಗೆ ಸಾಮಾನ್ಯವಾಗಿ ಬಿಸಿಲೇರಿ ಹನ್ನೊಂದು ಗಂಟೆಯಾಗಿರುತ್ತದೆ. ಅಳೆದರೆ ಆಮ್ಲಜನಕ ಬೇಕಾದಷ್ಟಿದೆ! ಹಾಗಾದರೆ ಯಾರೋ ವಿಷ ಹಾಕಿದ್ದಾರೆ ಎಂದು ಊರೆಲ್ಲ ಗುಲ್ಲೇಳುತ್ತದೆ. ಹಾಕಿದ್ದರೂ ಹಾಕಿರಬಹುದು. ಆದರೆ ಹನ್ನೊಂದು ಗಂಟೆಯ ಆ ಅಂಕಿಗೂ ಮೀನು ಸತ್ತ ಹೊತ್ತಿನ ನೀರಿಗೂ ಸಂಬಂಧವೇ ಇಲ್ಲದಿರಬಹುದು.

ಕಾರಣ ಪಾಚಿ. ನಮ್ಮ ಊರುಕೇರಿಗಳ ಕೆರೆಯ ನೀರು ಹಸಿರಾಗಿರುವುದು ಅದರಲ್ಲಿ ತೇಲುವ ಸೂಕ್ಷ್ಮ ಪಾಚಿಯಿಂದ. ಬಿಸಿಲಿರುವಾಗ ಅದು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹೀರಿ ಆಮ್ಲಜನಕ ಬಿಡುತ್ತದೆ. ಕತ್ತಲಾದ ಮೇಲೆ ಆಮ್ಲಜನಕ ಮಾಡುವ ಕೆಲಸ ನಿಂತು ಉಸಿರಾಟ ಮಾತ್ರ ಉಳಿಯುತ್ತದೆ. ಪಾಚಿ, ಮೀನು, ತಳದ ಕೆಸರಿನಲ್ಲಿ ಕೊಳೆಯುವುದನ್ನು ತಿನ್ನುವ ಬ್ಯಾಕ್ಟೀರಿಯಾ ಎಲ್ಲವೂ ರಾತ್ರಿಯಿಡೀ ಅದೇ ಆಮ್ಲಜನಕವನ್ನು ಬಳಸಿ, ಸೂರ್ಯ ಹುಟ್ಟುವ ಮುಂಚೆ ಅದನ್ನು ತಳಮಟ್ಟಕ್ಕೆ ತರುತ್ತವೆ. ಪಿಎಚ್ ಕೂಡ ಇದರ ಜೊತೆಗೇ ಏರಿಳಿಯುತ್ತದೆ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಸೌಮ್ಯ ಆಮ್ಲವಾಗಿ ವರ್ತಿಸುವುದರಿಂದ, ಹಗಲು ಅದು ಖಾಲಿಯಾದಂತೆ ಪಿಎಚ್ ಮೇಲೇರುತ್ತದೆ, ರಾತ್ರಿ ತುಂಬಿಕೊಂಡಂತೆ ಇಳಿಯುತ್ತದೆ.

ಇದನ್ನು ಅಂಕಿಯಲ್ಲಿ ನೋಡಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬೆಂಗಳೂರಿನ ಎತ್ತರದಲ್ಲಿರುವ, ಹಸಿರುಗಟ್ಟಿದ ಒಂದು ಕೆರೆ. ಏರಿಯ ಮಧ್ಯಭಾಗದಲ್ಲಿ, ಮೇಲ್ಮೈಯಿಂದ ಒಂದು ಅಡಿ ಕೆಳಗೆ, ಒಂದೇ ದಿನ ಮೂರು ಸಲ ಅಳೆದೆವು ಎಂದುಕೊಳ್ಳಿ. ಬೆಳಗ್ಗೆ 6ಕ್ಕೆ ನೀರಿನ ಉಷ್ಣತೆ 23 ಡಿಗ್ರಿ, ಪಿಎಚ್ 7.6, ಕರಗಿದ ಆಮ್ಲಜನಕ ಲೀಟರಿಗೆ 2.1 ಮಿಲಿಗ್ರಾಂ. 10.30ಕ್ಕೆ ಪಿಎಚ್ 8.2, ಆಮ್ಲಜನಕ 5.2. ಮಧ್ಯಾಹ್ನ 3.30ಕ್ಕೆ ಉಷ್ಣತೆ 29 ಡಿಗ್ರಿ, ಪಿಎಚ್ 9.2, ಆಮ್ಲಜನಕ 12.4.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಎ ಯಿಂದ ಇ ವರೆಗೆ ವರ್ಗ ಮಾಡುತ್ತದೆ. ಮೀನು ಮತ್ತು ವನ್ಯಜೀವಿಗಳಿಗೆ ತಕ್ಕುದಾದ ಡಿ ವರ್ಗಕ್ಕೆ ಆಮ್ಲಜನಕ ಕನಿಷ್ಠ 4 ಮಿಲಿಗ್ರಾಂ, ಪಿಎಚ್ 6.5ರಿಂದ 8.5ರೊಳಗೆ ಇರಬೇಕು. ನಮ್ಮ ಕೆರೆ ನಸುಕಿನಲ್ಲಿ ಆಮ್ಲಜನಕದಲ್ಲಿ ಫೇಲು, ಮಧ್ಯಾಹ್ನ ಪಿಎಚ್‌ನಲ್ಲಿ ಫೇಲು, ಜನ ಕೆಲಸಕ್ಕೆ ಹೊರಡುವ ಹತ್ತೂವರೆಗೆ ಮಾತ್ರ ಎರಡರಲ್ಲೂ ಪಾಸು. ಬೆಳಗ್ಗೆ ಮತ್ತು ಮಧ್ಯಾಹ್ನದ ಆಮ್ಲಜನಕದ ಸರಾಸರಿ ತೆಗೆದರೆ 7.25 ಬರುತ್ತದೆ, ಕಾಗದದ ಮೇಲೆ ಸೊಗಸಾದ ಅಂಕಿ. ನಸುಕಿನಲ್ಲಿ ಮೇಲೆ ಬಂದು ಬಾಯಿ ಬಾಯಿ ಬಿಡುವ ಮೀನಿಗೆ ಆ ಸರಾಸರಿಯಿಂದ ಏನೂ ದಕ್ಕುವುದಿಲ್ಲ.

12.4 ಎಂಬುದನ್ನು ನೋಡಿ ‘ಕೆರೆ ಆರೋಗ್ಯವಾಗಿದೆ’ ಎಂದು ಬರೆಯುವವರೂ ಉಂಟು. ಇಲ್ಲಿ ಉಷ್ಣತೆಯನ್ನು ಜೊತೆಗಿಟ್ಟು ಓದಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಎತ್ತರದ ಊರಿನಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಇನ್ನೂ ಕಡಿಮೆ. ಸಮುದ್ರಮಟ್ಟದಲ್ಲಿ 29 ಡಿಗ್ರಿ ನೀರು ಗಾಳಿಯಿಂದ ಸುಮಾರು 7.7 ಮಿಲಿಗ್ರಾಂ ಹಿಡಿದುಕೊಳ್ಳುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 7ರ ಆಸುಪಾಸು. 12.4 ಎಂದರೆ ಹಿಡಿಯಬಹುದಾದದ್ದಕ್ಕಿಂತ ಮುಕ್ಕಾಲು ಪಾಲಿಗೂ ಹೆಚ್ಚು. ಗಾಳಿಯಿಂದ ಇಷ್ಟು ಬರಲು ಸಾಧ್ಯವಿಲ್ಲ, ಪಾಚಿಯೇ ತುಂಬಿಸಿರಬೇಕು. ಇಷ್ಟು ಉಬ್ಬಿದ ಮಧ್ಯಾಹ್ನದ ಅಂಕಿ ರಾತ್ರಿ ಎಷ್ಟು ಕುಸಿದೀತು ಎಂಬುದರ ಸುಳಿವೂ ಹೌದು.

ಪಿಎಚ್ 9.2ರಲ್ಲಿ ಇನ್ನೊಂದು ಅಪಾಯ ಅಡಗಿದೆ. ಕೊಳಚೆ ಸೇರುವ ಕೆರೆಯಲ್ಲಿ ಅಮೋನಿಯಾ ಇದ್ದೇ ಇರುತ್ತದೆ. ಅದು ಎರಡು ರೂಪದಲ್ಲಿರುತ್ತದೆ, ಅವುಗಳಲ್ಲಿ ಮೀನಿನ ಕಿವಿರಿಗೆ ವಿಷವಾಗುವುದು ಮುಖ್ಯವಾಗಿ ಒಂದು. ಬೆಳಗಿನ ಪಿಎಚ್ ಮತ್ತು ಉಷ್ಣತೆಯಲ್ಲಿ ಆ ವಿಷರೂಪ ಒಟ್ಟು ಅಮೋನಿಯಾದ ನೂರಕ್ಕೆ ಎರಡು ಪಾಲು. ಅದೇ ನೀರು ಮಧ್ಯಾಹ್ನ 9.2ಕ್ಕೆ ಏರಿದಾಗ ಅರ್ಧಕ್ಕಿಂತ ತುಸು ಹೆಚ್ಚು. ಹೊರಗಿನಿಂದ ಒಂದು ಹನಿ ಕೊಳಚೆ ಹೊಸದಾಗಿ ಬರದಿದ್ದರೂ ನೀರು ವಿಷವಾಗಬಹುದು. ಆದರೆ ಅಮೋನಿಯಾವನ್ನು ಅಳೆಯದೆ ಇದನ್ನು ವರದಿಯಲ್ಲಿ ನಿರ್ಧಾರವಾಗಿ ಬರೆಯುವ ಹಾಗಿಲ್ಲ. ‘ಅಮೋನಿಯಾ ಪರೀಕ್ಷೆ ಆಗಬೇಕು’ ಎಂದು ಬರೆಯಬಹುದು.

ಅಂಕಿಯನ್ನು ನಂಬುವ ಮುಂಚೆ ನೀರು ಹಿಡಿದವರ ಕೈಯನ್ನು ನೋಡಬೇಕು. ಬಕೆಟ್ಟಿನಲ್ಲಿ ಮೊಗೆದು ಬಾಟಲಿಗೆ ಸುರಿದರೆ ಸುರಿಯುವಾಗಲೇ ಗಾಳಿ ಸೇರಿ, ಉಸಿರುಗಟ್ಟಿದ ನೀರೂ ಒಳ್ಳೆಯ ಅಂಕಿ ಕೊಡುತ್ತದೆ. ಆಮ್ಲಜನಕದ ಪರೀಕ್ಷೆಗೆ ಗಾಜಿನ ಬಿರಡೆಯ 300 ಮಿಲಿಲೀಟರ್ ಬಾಟಲಿಯನ್ನು ನೀರಿನೊಳಗೇ ಓರೆಯಾಗಿ ಹಿಡಿದು, ಒಂದು ಗುಳ್ಳೆಯೂ ಉಳಿಯದಂತೆ ನಿಧಾನಕ್ಕೆ ತುಂಬಿಸಿ, ಅಲ್ಲೇ ಮುಚ್ಚಬೇಕು. ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಪ್ರಯೋಗಾಲಯಗಳಲ್ಲಿ ಚಾಲ್ತಿಯಲ್ಲಿದೆ. ಬಾಟಲಿಗೆ ಮ್ಯಾಂಗನೀಸ್ ಸಲ್ಫೇಟ್ ಮತ್ತು ಅಯೋಡೈಡ್ ಬೆರೆತ ಕ್ಷಾರವನ್ನು ಎರಡೆರಡು ಮಿಲಿಲೀಟರ್ ಬಿಟ್ಟು ಅಲ್ಲಾಡಿಸಿದರೆ ಮೋಡದಂಥ ಗಷ್ಟು ಕಟ್ಟುತ್ತದೆ. ಅದು ಕಂದಾಗಿದ್ದರೆ ಆಮ್ಲಜನಕ ಇದೆ, ಬೆಳ್ಳಗೆ ಉಳಿದರೆ ಇಲ್ಲ. ಕೆರೆಯ ದಂಡೆಯಲ್ಲಿ ನಿಂತೇ ಇಷ್ಟು ಕಣ್ಣಿಗೆ ಕಾಣುತ್ತದೆ. ಈ ಹಂತ ಮುಗಿದರೆ ಆಮ್ಲಜನಕ ಬಂಧಿಯಾದಂತೆ. ಮುಂದೆ ಆಮ್ಲ ಹಾಕಿ, ಹೊಂಬಣ್ಣಕ್ಕೆ ತಿರುಗಿದ ನೀರನ್ನು ಥಯೋಸಲ್ಫೇಟ್ ಹನಿಸಿ ಅಳೆಯುವ ಕೆಲಸವನ್ನು ಕೆಲವು ಗಂಟೆ ತಡವಾಗಿ ಪ್ರಯೋಗಾಲಯದಲ್ಲೂ ಮಾಡಬಹುದು. ಬರೀ ನೀರನ್ನು ಕುಡಿಯುವ ನೀರಿನ ಖಾಲಿ ಬಾಟಲಿಯಲ್ಲಿ ತುಂಬಿ ಸಂಜೆಗೆ ಕೊಟ್ಟುಬಂದರೆ, ಅವರು ಅಳೆಯುವುದು ಬಾಟಲಿಯೊಳಗೆ ನಡೆದ ಉಸಿರಾಟವನ್ನು.

ಪಿಎಚ್ ಮೀಟರನ್ನು ಆ ದಿನವೇ 4, 7 ಮತ್ತು 9.2ರ ಬಫರ್ ದ್ರಾವಣದಲ್ಲಿ ಸರಿಹೊಂದಿಸಿರಬೇಕು. ಪರದೆಯ ಮೇಲೆ 7.63 ಎಂದು ಬಂದ ಮಾತ್ರಕ್ಕೆ ಆ ಕೊನೆಯ ಮೂರನ್ನು ನಂಬಬೇಕಿಲ್ಲ. ಅಗ್ಗದ ಪೆನ್ ಮೀಟರುಗಳಲ್ಲಿ 0.1ರಷ್ಟು ಆಚೀಚೆ ಮಾಮೂಲು. ಬಣ್ಣ ಹೋಲಿಸುವ ಕಾಗದದ ಪಟ್ಟಿಯಾದರೆ ಅರ್ಧ ಅಂಕದ ತನಕವೂ ವ್ಯತ್ಯಾಸ ಬರಬಹುದು. ಆದ್ದರಿಂದ ಪಟ್ಟಿಯಲ್ಲಿ 8.5 ಕಂಡು ಇನ್ನೊಂದು ದಿನ 8 ಕಂಡರೆ ‘ಪಿಎಚ್ ಇಳಿದಿದೆ’ ಎಂದು ಬರೆಯಬಾರದು.

ಬಗ್ಗಡವನ್ನು ಎನ್‌ಟಿಯು ಎಂಬ ಮಾನದಲ್ಲಿ ಹೇಳುತ್ತಾರೆ. ನೀರಿಗೆ ಬೆಳಕು ಬಿಟ್ಟು, ಅದು ಪಕ್ಕಕ್ಕೆ ಎಷ್ಟು ಚದುರುತ್ತದೆ ಎಂದು ನೋಡುವ ಅಳತೆ ಇದು. ಚದುರಿಸಿದ್ದು ಮಣ್ಣೋ ಪಾಚಿಯೋ ಎಂದು ಮೀಟರಿಗೆ ತಿಳಿಯದು. ನಮ್ಮ ಕೆರೆಯಲ್ಲಿ 40 ಎನ್‌ಟಿಯು ಬಂದರೆ, ಹಸಿರು ಬಣ್ಣ ನೋಡಿ ಪಾಚಿಯಿರಬಹುದು ಎನ್ನಬಹುದು. ಮಳೆ ಬಂದ ಮರುದಿನ ಅದೇ 40 ಕೆಮ್ಮಣ್ಣಿನಿಂದಲೂ ಬರುತ್ತದೆ. ನೀರಿಗಿಳಿದು ಹಿಡಿದವರ ಕಾಲಿಂದ ಎದ್ದ ಕೆಸರೂ, ಗಾಜಿನ ನಳಿಕೆಯ ಮೇಲಿನ ಬೆರಳಚ್ಚೂ ಅಂಕಿಗೆ ಸೇರಿಕೊಳ್ಳುತ್ತವೆ. ಹಿಂದಿನ ದಿನದ ಮಳೆ, ನೀರಿನ ಬಣ್ಣ, ನಿಂತ ಜಾಗ, ಈ ಮೂರನ್ನು ಬರೆಯದ ಬಗ್ಗಡದ ಅಂಕಿಯನ್ನು ನಾನಂತೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇಷ್ಟೆಲ್ಲ ಆದಮೇಲೆ ವರದಿಯಲ್ಲಿ ಏನು ಬರೆಯಬೇಕು? ಉದಾಹರಣೆಯ ಕೆರೆಗೆ ನಾನಾದರೆ ಹೀಗೆ ಬರೆಯುತ್ತೇನೆ: ‘ಅಳೆದ ದಿನ ಏರಿಯ ಮಧ್ಯಭಾಗದ ಮೇಲ್ನೀರಿನಲ್ಲಿ ಕರಗಿದ ಆಮ್ಲಜನಕ ನಸುಕಿನಲ್ಲಿ 2.1, ಮಧ್ಯಾಹ್ನ 12.4 ಇತ್ತು. ಪಿಎಚ್ ಸುಮಾರು 7.6ರಿಂದ 9.2ಕ್ಕೆ ಏರಿತು. ನೀರು ಹಸಿರಾಗಿತ್ತು, ಹಿಂದಿನ ದಿನ ಮಳೆ ಇರಲಿಲ್ಲ. ಈ ಏರಿಳಿತ ಪಾಚಿ ಹೆಚ್ಚಿದ ನೀರಿಗೆ ಹೊಂದುತ್ತದೆ. ನಸುಕಿನ ಮಟ್ಟ ಮೀನಿಗೆ ಸಾಲದು. ಕೋಡಿಯ ಬಳಿ, ರಾಜಕಾಲುವೆ ಸೇರುವಲ್ಲಿ, ತಳದಲ್ಲಿ ಅಳೆದಿಲ್ಲ.’ ಇದರಲ್ಲಿ ‘ಹೊಂದುತ್ತದೆ’ ಎಂಬ ಕಡೆ ‘ಸಾಬೀತಾಗಿದೆ’ ಎಂದು ಬರೆಯುವ ಆಸೆ ಯಾರಿಗೂ ಬರುತ್ತದೆ. ಪತ್ರಿಕೆಯವರಿಗಂತೂ ‘ಕೊಳಚೆಯಿಂದ ಕೆರೆ ಸಾಯುತ್ತಿದೆ’ ಎಂಬ ಶೀರ್ಷಿಕೆ ಬೇಕು. ಅದು ನಿಜವಿರಬಹುದು, ಆದರೆ ಈ ಮೂರು ಅಳತೆಗಳು ಪಾಚಿಗೆ ಗೊಬ್ಬರ ಎಲ್ಲಿಂದ ಬಂತೆಂದು ಹೇಳುವುದಿಲ್ಲ. ಚರಂಡಿಯದೋ, ಹೊಲದ ಯೂರಿಯಾದೋ, ಹಳೆಯ ಕೆಸರಿನದೋ ಎಂದು ತಿಳಿಯಲು ನೀರು ಒಳಬರುವಲ್ಲೂ ಹೊರಹೋಗುವಲ್ಲೂ ಒಂದೇ ದಿನ ಹಿಡಿದು, ಬಿಒಡಿ, ಅಮೋನಿಯಾ, ಮಲಮೂಲದ ಬ್ಯಾಕ್ಟೀರಿಯಾ ನೋಡಬೇಕು.

ನಲ್ಲಿ ನೀರಿಗೆ ಬಂದರೆ ಲೆಕ್ಕವೇ ಬೇರೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಕರಗಿದ ಆಮ್ಲಜನಕಕ್ಕೆ ಮಿತಿಯೇ ಇಲ್ಲ. ಆಳದ ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಕಡಿಮೆ ಬಂದರೆ ಗಾಬರಿ ಬೇಡ, ಅದು ಗಾಳಿ ಕಾಣದೆ ಬಂದ ನೀರು. ಪಿಎಚ್ 6.5ರಿಂದ 8.5ರೊಳಗಿರಬೇಕು. ಬಗ್ಗಡ 1 ಎನ್‌ಟಿಯು ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 5ರ ತನಕ ಒಪ್ಪುತ್ತಾರೆ. ಶಾಲೆಗಳಲ್ಲಿ ಬಳಸುವ ಉದ್ದನೆಯ ಬಗ್ಗಡದ ಕೊಳವೆಗಳಲ್ಲಿ, ತಳದ ಗುರುತು ಕಾಣುವ ತನಕ ನೀರಿನ ಮಟ್ಟ ಇಳಿಸುತ್ತ ನೋಡುತ್ತಾರೆ. ಇಂಥ ಬಹಳಷ್ಟು ಕೊಳವೆಗಳು ಸುಮಾರು 5 ಎನ್‌ಟಿಯುಗಿಂತ ಕೆಳಗೆ ಓದಲಾರವು. ತುಂಬಿದ ಕೊಳವೆಯಲ್ಲೇ ಗುರುತು ನಿಚ್ಚಳವಾಗಿ ಕಂಡರೆ ‘ಸೊನ್ನೆ’ ಎಂದು ಬರೆಯಬಾರದು, ‘5ಕ್ಕಿಂತ ಕಡಿಮೆ’ ಎಂದು ಬರೆಯಬೇಕು. 1ರ ಮಿತಿಯೊಳಗಿದೆಯೋ ಇಲ್ಲವೋ ಆ ಕೊಳವೆಗೆ ಗೊತ್ತಿಲ್ಲ.

ಅದಕ್ಕಿಂತ ದೊಡ್ಡ ತಪ್ಪು, ಪಿಎಚ್ 7.4, ಬಗ್ಗಡ ಕಡಿಮೆ ಎಂದು ಅಳೆದು ‘ಕುಡಿಯಲು ಯೋಗ್ಯ’ ಎಂದು ಸಹಿ ಹಾಕುವುದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಎಷ್ಟೋ ಬೋರ್‌ವೆಲ್‌ಗಳ ನೀರು ಗಾಜಿನಂತೆ ತಿಳಿಯಾಗಿರುತ್ತದೆ. ಅದರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೂ ಈ ಎರಡು ಅಂಕಿ ತುಟಿಪಿಟಕ್ಕೆನ್ನುವುದಿಲ್ಲ. ನೈಟ್ರೇಟ್, ಇ-ಕೋಲೈಗಳ ಕತೆಯೂ ಅಷ್ಟೇ. ಗ್ರಾಮ ಪಂಚಾಯಿತಿಗಳಿಗೆ ಜಲಜೀವನ ಮಿಷನ್‌ನಲ್ಲಿ ಕೊಟ್ಟ ಕಿಟ್ಟಿನಲ್ಲಿ ಫ್ಲೋರೈಡ್, ನೈಟ್ರೇಟ್ ನೋಡುವ ರಾಸಾಯನಿಕಗಳೂ, ಮಲಿನವಾದರೆ ಕಪ್ಪಾಗುವ ಬ್ಯಾಕ್ಟೀರಿಯಾ ಸೀಸೆಯೂ ಇರುತ್ತವೆ. ಆ ಸೀಸೆ ಕಪ್ಪಾದರೂ ಅದು ಎಚ್ಚರಿಕೆಯಷ್ಟೇ, ಖಾತ್ರಿಗೆ ಪ್ರಯೋಗಾಲಯಕ್ಕೆ ಕಳಿಸಬೇಕು.

ಪಟ್ಟಣದ ಮನೆಯಲ್ಲಾದರೆ ಮೊದಲು ಕೇಳಬೇಕಾದದ್ದು ಯಾವ ನಲ್ಲಿ ಎಂದು. ಅಡುಗೆಮನೆಯ ನಲ್ಲಿಗೆ ಬರುವುದು ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ಏರಿ ಇಳಿದ ನೀರು. ಅಲ್ಲಿ ಬಗ್ಗಡ 6 ಬಂತೆಂದು ಜಲಮಂಡಳಿಗೆ ದೂರು ಬರೆಯುವ ಮುಂಚೆ, ಬೀದಿಯ ಪೈಪಿನಿಂದ ಸಂಪಿಗೆ ಬೀಳುವ ಜಾಗದಲ್ಲೂ ಅದೇ ದಿನ ಹಿಡಿಯಬೇಕು. ನೀರು ಬಿಟ್ಟ ಮೊದಲ ಕೆಲವು ನಿಮಿಷ ಪೈಪಿನಲ್ಲಿ ನಿಂತ ತುಕ್ಕು, ಮಣ್ಣು ಬರುವುದರಿಂದ, ಮೊದಲ ನೀರನ್ನು ಒಂದು ಬಾಟಲಿಗೆ, ಹರಿದು ತಿಳಿಯಾದ ಮೇಲಿನದನ್ನು ಇನ್ನೊಂದಕ್ಕೆ ಹಿಡಿದು ಎರಡಕ್ಕೂ ವೇಳೆ ಬರೆದ ಚೀಟಿ ಅಂಟಿಸುವುದು ಒಳ್ಳೆಯದು. ಬೀದಿಯ ನೀರು ಮೀಟರಿನಲ್ಲಿ 1ರೊಳಗಿದ್ದು ಅಡುಗೆಮನೆಯದು 6 ಬಂದರೆ, ಮೊದಲು ಇಳಿಸಿ ತೊಳೆಯಬೇಕಾದದ್ದು ನಮ್ಮದೇ ಸಂಪು.