ಪೆನ್‌ಡ್ರೈವ್‌ನಲ್ಲೇ ಉಬುಂಟು

ಇನ್‌ಸ್ಟಾಲ್ ಮಾಡದೆಯೇ ಉಬುಂಟು ಲಿನಕ್ಸ್ ಬಳಸಿ ನೋಡಬಹುದು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ Try Ubuntu ಆರಿಸಿದರೆ ಅದು ರ‍್ಯಾಮ್‌ನಲ್ಲಿ ಓಡುತ್ತದೆ. ಹಾರ್ಡ್‌ಡಿಸ್ಕ್‌ನಲ್ಲಿರುವ ವಿಂಡೋಸ್ ಹಾಗೆಯೇ ಉಳಿಯುತ್ತದೆ. ವೈಫೈ, ಧ್ವನಿ, ಪ್ರಿಂಟರ್ ಕೆಲಸ ಮಾಡುತ್ತವೆಯೇ ಎಂದು ಆಗಲೇ ಪರೀಕ್ಷಿಸಿಕೊಳ್ಳಿ.

ಆದರೆ ಕಂಪ್ಯೂಟರ್ ಆಫ್ ಮಾಡಿದರೆ ಅಲ್ಲಿ ಉಳಿಸಿದ್ದೆಲ್ಲ ಮಾಯ. ಹಾಗಾಗದಿರಲು ವಿಂಡೋಸ್‌ನ ರೂಫಸ್ ತಂತ್ರಾಂಶದಲ್ಲಿ ಪೆನ್‌ಡ್ರೈವ್ ಸಿದ್ಧಪಡಿಸುವಾಗ Persistent partition size ಪಟ್ಟಿಯನ್ನು ಬಲಕ್ಕೆ ಸರಿಸಬೇಕು. 16 ಜಿಬಿ ಡ್ರೈವ್‌ನಲ್ಲಿ 4 ಜಿಬಿ ಮೀಸಲಿಟ್ಟರೆ ಕಡತ, ಸೆಟ್ಟಿಂಗ್‌ಗಳಿಗೆ ಸಾಕು. ಡ್ರೈವ್‌ನಲ್ಲಿದ್ದ ಹಳೆಯದೆಲ್ಲ ಅಳಿಸಿಹೋಗುವುದರಿಂದ ಮೊದಲೇ ನಕಲಿಸಿಡಿ.

ಡೆಸ್ಕ್‌ಟಾಪ್‌ನಲ್ಲಿ ಒಂದು ಫೋಲ್ಡರ್ ಮಾಡಿ ರೀಸ್ಟಾರ್ಟ್ ಮಾಡಿ. ಅದು ಕಾಣದಿದ್ದರೆ ವ್ಯವಸ್ಥೆ ಕೂತಿಲ್ಲವೆಂದೇ ಅರ್ಥ. ಶಟ್‌ಡೌನ್ ಮಾಡದೆ ಡ್ರೈವ್ ಕಿತ್ತರೆ ಕಡತ ಕೆಡಬಹುದು. ಮುಖ್ಯವಾದವುಗಳ ಇನ್ನೊಂದು ಪ್ರತಿ ಬೇರೆಡೆ ಇರಲಿ.