ಅಣ್ಣ ಅಂಗಡಿ ಬಿಟ್ಟರ ಕೊಡೋದೆಷ್ಟು, ಕೊಡೋದು ಹೆಂಗ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಲಾಗಿದೆ.)

ಇವತ್ತಿನ ಮಾತು ಪಾಲುದಾರಿಕೆ ಬಗ್ಗೆ. ಪಾಲುದಾರಿಕೆ ಮಾಡೋದಲ್ಲ, ಬಿಡೋದು. ಮೂರು ಮಂದಿ ಕೂಡಿ ನಡೆಸಿದ ಅಂಗಡಿಯಿಂದ ಒಬ್ಬರು ಹೊರಗೆ ಹೋಗತೇನಿ ಅಂದಾಗ ಅವರಿಗೆ ಎಷ್ಟು ಕೊಡಬೇಕು, ಒಮ್ಮೆಲೇ ಕೊಡೋಕ ರೊಕ್ಕ ಇಲ್ಲದಿದ್ದರ ಏನು ಮಾಡಬೇಕು ಅನ್ನೋ ಪ್ರಶ್ನೆ.

ಶಲವಡಿ ಕಡೆ ಎರಿ ನೆಲ, ಕಡಲಿ, ಹತ್ತಿ. ಅಲ್ಲಿ ಒಂದು ಕಾಳುಕಡಿ ವ್ಯಾಪಾರ ಐತಿ ಅಂತ ಇಟ್ಕೊಳ್ರಿ. ಇದು ಲೆಕ್ಕಕ್ಕಾಗಿ ನಾನು ಕಟ್ಟಿದ ಅಂಗಡಿ, ಯಾರ ಅಂಗಡಿಯೂ ಅಲ್ಲ. ಅಣ್ಣ, ತಮ್ಮ, ಅವರ ಸೋದರಳಿಯ, ಮೂವರು ಪಾಲುದಾರರು. ಪಾಲು ಹಳೇ ಪದ್ಧತಿಯಂತೆ ಆಣೆ ಲೆಕ್ಕದಾಗ: ಅಣ್ಣಂದು ಆರಾಣೆ, ತಮ್ಮಂದು ಆರಾಣೆ, ಅಳಿಯಂದು ನಾಲ್ಕಾಣೆ. ಹದಿನಾರಾಣೆಗೆ ಆರಾಣೆ ಅಂದ್ರ ಎಂಟರಲ್ಲಿ ಮೂರು ಪಾಲು. ಅಣ್ಣನಿಗೆ ವಯಸ್ಸಾಗೇತಿ, ಮಾರ್ಚ್ 31ಕ್ಕೆ ನಿಲ್ಲಸ್ತೇನಿ ಅಂತಾನ. ಪುಸ್ತಕದಾಗ ಅವನ ಬಂಡವಾಳ 7,00,000 ರೂಪಾಯಿ. ತಮ್ಮಂದೂ ಅಷ್ಟೇ, ಅಳಿಯಂದು 4,40,000.

ಬಹಳ ಕಡೆ ಜಗಳ ಇಲ್ಲಿಂದಲೇ ಸುರುವಾಗುತ್ತದೆ. ತಮ್ಮ ಅಂತಾನ, "ಅಣ್ಣಾ, ಪುಸ್ತಕದಾಗ ಏಳು ಲಕ್ಷ ಐತಿ, ಏಳು ಲಕ್ಷ ತೊಗೊ." ಅಣ್ಣ ಅಂತಾನ, "ಗೋದಾಮಿನ ಜಾಗಾ ಒಂದೇ ಎಷ್ಟು ಬೆಲೆ ಬಾಳತೈತಿ ನೋಡು." ಇಬ್ಬರದೂ ಸುಳ್ಳಲ್ಲ. ಪುಸ್ತಕದಲ್ಲಿರುವುದು ಕೊಂಡ ದಿನದ ಬೆಲೆ, ಅಣ್ಣ ಕೇಳುತ್ತಿರುವುದು ಬಿಡುವ ದಿನದ ಬೆಲೆ. ಅದಕ್ಕೇ ಬಿಡುವ ತಾರೀಖಿಗೆ ಎಲ್ಲಾ ಆಸ್ತಿ, ಎಲ್ಲಾ ಬಾಕಿಯನ್ನು ಮತ್ತೊಮ್ಮೆ ಬೆಲೆ ಕಟ್ಟಬೇಕು. ಲೆಕ್ಕದವರು ಇದಕ್ಕೆ ಪುನರ್‌ಮೌಲ್ಯಮಾಪನ ಅಂತಾರ, ಅದಕ್ಕೊಂದು ಬೇರೆ ಖಾತೆ ತೆರೀತಾರ. ಏರಿದ್ದು ಜಮಾ, ಇಳಿದಿದ್ದು ಖರ್ಚು.

ನಮ್ಮ ಅಂಗಡಿಯ ಅಢಾವೆ ಪತ್ರಿಕೆಯಲ್ಲಿ, ಅಂದ್ರ ಬ್ಯಾಲೆನ್ಸ್ ಶೀಟಿನಲ್ಲಿ, ಗೋದಾಮು 8,00,000ಕ್ಕೆ ಕೂತಿದೆ. ಇವತ್ತಿನ ಬೆಲೆ 12,00,000 ಅಂತ ಮೂವರೂ ಒಪ್ಪಿದರು. ನಾಲ್ಕು ಲಕ್ಷ ಏರಿತು. ಕಾಳು ಸ್ವಚ್ಛ ಮಾಡುವ ಯಂತ್ರ 3,00,000ಕ್ಕೆ ಇದ್ದದ್ದು ಸವೆದು 2,40,000ಕ್ಕೆ ಬಂದಿದೆ, 60,000 ಇಳೀತು. ಉದ್ರಿ ಪುಸ್ತಕದಾಗ 5,00,000 ಬರೋದೈತಿ, ಅದರಾಗ 1,00,000 ಬರೋದಲ್ಲ ಅಂತ ಎಲ್ಲರಿಗೂ ಗೊತ್ತು. ಇನ್ನ ಹಮಾಲಿ, ಕರೆಂಟ್ ಬಿಲ್ಲು ಸೇರಿ 40,000 ಬಾಕಿ ಪುಸ್ತಕಕ್ಕೇ ಏರಿಲ್ಲ. ನಾಲ್ಕು ಲಕ್ಷದಲ್ಲಿ ಇವೆಲ್ಲ ಕಳೆದರೆ 2,00,000 ನಿವ್ವಳ ಲಾಭ. ಅಣ್ಣನ ಆರಾಣೆ ಪಾಲು 75,000.

ಇಲ್ಲಿ ಎರಡು ಮಾತು ಹೇಳಲೇಬೇಕು. ಒಂದು, ಗೋದಾಮಿನ ಉತಾರ ತೆಗೆದು ನೋಡ್ರಿ. ಜಾಗಾ ಅಣ್ಣನ ಸ್ವಂತ ಹೆಸರಿನಲ್ಲಿದ್ದು, ಸಂಸ್ಥೆ ಬರೀ ಬಾಡಿಗೆಗೆ ಬಳಸಿದ್ದರ ಅದು ಸಂಸ್ಥೆಯ ಆಸ್ತಿಯೇ ಅಲ್ಲ, ಏರಿಕೆ ಹಂಚುವ ಪ್ರಶ್ನೆಯೇ ಬರೋದಿಲ್ಲ. ಇದನ್ನ ಕಡೀಗೆ ನೋಡಿದರೆ ಇಡೀ ಲೆಕ್ಕ ಮೊದಲಿಂದ ಮಾಡಬೇಕಾಗತೈತಿ. ಇನ್ನೊಂದು, ಬರೋದಿಲ್ಲ ಅಂತ ಕಳೆದ ಆ ಒಂದು ಲಕ್ಷ ಉದ್ರಿ ಮುಂದಿನ ಸುಗ್ಗಿಗೆ ವಸೂಲಾದರೆ? ಅದರಾಗೂ ಅಣ್ಣನಿಗೆ ಆರಾಣೆ ಕೊಡತೇವಿ ಅಂತಲೋ, ಇಲ್ಲ ಅಂತಲೋ ಒಂದು ಸಾಲು ಬರೆದಿಡ್ರಿ. ಬರೆಯದೆ ಬಿಟ್ಟ ಆ ಒಂದು ಸಾಲಿಗೆ ಮಾತು ಬಿಟ್ಟವರನ್ನು ನಾನು ಕಂಡಿದ್ದೇನೆ.

ಸಂಸ್ಥೆಯಲ್ಲಿ ಹಿಂದಿನ ಲಾಭದಿಂದ ಕೂಡಿಟ್ಟ ಮೀಸಲು ನಿಧಿ 1,60,000 ಇದೆ. ಅದು ಮೂವರ ದುಡಿಮೆ, ಹಾಗಾಗಿ ಅಣ್ಣನಿಗೆ 60,000. ಇದರಲ್ಲಿ ತಕರಾರು ಕಡಿಮೆ.

ತಕರಾರು ಇರೋದು ಗುಡ್‌ವಿಲ್ ಒಳಗ. ಗುಡ್‌ವಿಲ್ ಅಂದ್ರ ಅಂಗಡಿ ಹೆಸರಿನ ಕಿಮ್ಮತ್ತು. ಹೊಸಬ ಪಕ್ಕದಾಗ ಅಂಗಡಿ ತೆರೆದರೂ ರೈತ ಚೀಲ ಇಳಿಸೋದು ಇಲ್ಲೇ, ಯಾಕಂದ್ರ ಇಲ್ಲಿನ ತೂಕ, ಇಲ್ಲಿನ ಮಾತು ಗೊತ್ತೈತಿ. ಆ ನಂಬಿಕೆಯಲ್ಲಿ ಅಣ್ಣನ ದುಡಿಮೆಯೂ ಇದೆ, ಆದರೆ ನಾಳೆಯಿಂದ ಅದರ ಫಲ ಉಣ್ಣೋರು ಉಳಿದಿಬ್ಬರು. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 14ನೇ ಕಲಮು ಗುಡ್‌ವಿಲ್ಲನ್ನು ಸಂಸ್ಥೆಯ ಆಸ್ತಿ ಅಂತಲೇ ಎಣಿಸುತ್ತದೆ.

ಬೆಲೆ ಕಟ್ಟೋದು ಹೆಂಗ? ಸಣ್ಣ ವ್ಯಾಪಾರದಲ್ಲಿ ರೂಢಿಯಲ್ಲಿರುವುದು ಸರಾಸರಿ ಲಾಭದ ಲೆಕ್ಕ. ಕಳೆದ ಮೂರು ವರ್ಷದ ಲಾಭ 3,20,000, 2,00,000, 4,40,000. ಸರಾಸರಿ 3,20,000. ಎರಡು ವರ್ಷದ ಲಾಭದಷ್ಟು ಅಂತ ಒಪ್ಪಿದರೆ ಗುಡ್‌ವಿಲ್ 6,40,000, ಅಣ್ಣನ ಪಾಲು 2,40,000. ಎರಡು ವರ್ಷವೇ ಯಾಕೆ, ಮೂರು ಯಾಕಲ್ಲ? ಕಾಯ್ದೆಯಲ್ಲಿ ಇದಕ್ಕೆ ಉತ್ತರ ಇಲ್ಲ, ಪಾಲುದಾರಿಕೆ ಪತ್ರದಾಗ ಬರೆದಿರಬೇಕು. ನನ್ನ ಕೇಳಿದರ, ಮಳಿ ನಂಬಿದ ವ್ಯಾಪಾರಕ್ಕ ಮೂರು ವರ್ಷದ ಸರಾಸರಿಯೂ ಸಣ್ಣದೇ. ಎರಡು ಸುಗ್ಗಿ ಛಲೋ ಬಂದರೆ ಬಿಡುವವನಿಗೆ ಲಾಭ, ಒಂದು ಬರ ಬಿದ್ದರೆ ಉಳಿಯುವವರಿಗೆ ಲಾಭ. ಐದು ವರ್ಷ ತೊಗೊಂಡರೆ ಇಬ್ಬರಿಗೂ ಸಮಾಧಾನ.

ಪತ್ರದಾಗ ಗುಡ್‌ವಿಲ್ ಬಗ್ಗೆ ಬರೆಯೋದು ಹೊಸದೇನಲ್ಲ. ಬೆಂಗಳೂರಿನ ಬಿ.ಸಿ. ಶ್ರೀನಿವಾಸ ಶೆಟ್ಟಿ ಅನ್ನೋ ಅಗರಬತ್ತಿ ಸಂಸ್ಥೆಯ ಪತ್ರದಲ್ಲಿ, ಗುಡ್‌ವಿಲ್‌ಗೆ ಈಗ ಬೆಲೆ ಕಟ್ಟಿಲ್ಲ, ಸಂಸ್ಥೆ ವಿಸರ್ಜನೆಯಾದಾಗ ಕಟ್ಟುತ್ತೇವೆ ಅಂತ ಕಲಮು ಇತ್ತು. 1965ರ ಕೊನೆಗೆ ವಿಸರ್ಜನೆಯಾದಾಗ 1,50,000 ರೂಪಾಯಿ ಅಂತ ಕಟ್ಟಿದರು. ಅದರ ಮೇಲೆ ತೆರಿಗೆ ಬೀಳುತ್ತದೋ ಇಲ್ಲವೋ ಅನ್ನೋ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1981ರಲ್ಲಿ ಸಂಸ್ಥೆಯ ಪರ ತೀರ್ಪಾಯಿತು. ತಾವೇ ಬೆಳೆಸಿದ ಹೆಸರಿಗೆ ಕೊಂಡ ಬೆಲೆ ಅಂತ ಇರೋದಿಲ್ಲ, ಹಾಗಾಗಿ ಆಗಿನ ಕಾನೂನಿನ ಪ್ರಕಾರ ಲಾಭ ಲೆಕ್ಕ ಹಾಕಲಿಕ್ಕೇ ಬರೋದಿಲ್ಲ ಅಂತ. ಆಮೇಲೆ ಕಾನೂನೇ ಬದಲಾಯಿತು, ಅದಕ್ಕೆ ಮತ್ತ ಬರತೇನಿ.

ಈ 2,40,000ವನ್ನು ಗುಡ್‌ವಿಲ್ ಅಂತ ಪುಸ್ತಕದ ಆಸ್ತಿಗೆ ಸೇರಿಸೋದಿಲ್ಲ. ಅಣ್ಣನ ಪಾಲನ್ನ ತಮ್ಮ ಮತ್ತು ಅಳಿಯ 3:2ರಂತೆ ಪಡೀತಾರ, ಹಾಗಾಗಿ ಅಷ್ಟೇ ಪ್ರಮಾಣದಲ್ಲಿ ಅವರ ಬಂಡವಾಳದಿಂದ ಕಳೀತದ. ತಮ್ಮನಿಂದ 1,44,000, ಅಳಿಯನಿಂದ 96,000. ಅಣ್ಣನ ಖಾತೆಗೆ ಜಮಾ.

ಈಗ ಅಣ್ಣನಿಗೆ ಬರೋದು: ಬಂಡವಾಳ 7,00,000, ಮೀಸಲು 60,000, ಪುನರ್‌ಮೌಲ್ಯಮಾಪನ 75,000, ಗುಡ್‌ವಿಲ್ 2,40,000. ಒಟ್ಟು 10,75,000.

ಆದರೆ ಅಂಗಡಿಯ ನಗದು, ಬ್ಯಾಂಕು ಎರಡೂ ಸೇರಿ ಇರೋದು 2,00,000. ಉಳಿದದ್ದು ಗೋಡೆಯಲ್ಲಿ, ಯಂತ್ರದಲ್ಲಿ, ಕಡಲಿ ಚೀಲದಲ್ಲಿ, ಉದ್ರಿಯಲ್ಲಿ ಸಿಕ್ಕೊಂಡಿದೆ. ಕಂತಿನ ಮಾತು ಬರೋದು ಅದಕ್ಕೇ. ಆವತ್ತೇ 75,000 ಕೊಟ್ಟು, ಉಳಿದ 10,00,000ವನ್ನು ಬಂಡವಾಳ ಖಾತೆಯಿಂದ ತೆಗೆದು ಅಣ್ಣನ ಸಾಲದ ಖಾತೆಗೆ ಹಾಕತಾರ. ಇದು ಬರೀ ಬರವಣಿಗೆ ಅಲ್ರಿ. ಮೊನ್ನೆವರೆಗೂ ಮಾಲೀಕನಾಗಿದ್ದ ಅಣ್ಣ ಈಗ ಸಂಸ್ಥೆಗೆ ಸಾಲ ಕೊಟ್ಟವ. ಲಾಭ ಬರಲಿ ಬಿಡಲಿ, ಅವನ ಕಂತು ಬಾಕಿಯೇ.

ಐದು ವರ್ಷ, ವರ್ಷಕ್ಕೆ 2,00,000 ಅಸಲು, ಉಳಿದ ಬಾಕಿಗೆ ಶೇಕಡಾ 10 ಬಡ್ಡಿ ಅಂತ ಒಪ್ಪಿದರು ಅನ್ರಿ. ಮೊದಲ ವರ್ಷ ಬಡ್ಡಿ 1,00,000, ಕೂಡಿ 3,00,000. ಎರಡನೇ ವರ್ಷ ಎಂಟು ಲಕ್ಷಕ್ಕೆ ಬಡ್ಡಿ, 2,80,000. ಹಿಂಗ ಇಳೀತಾ ಐದನೇ ವರ್ಷ 2,20,000ಕ್ಕೆ ಮುಗೀತದ. ಒಟ್ಟು ಬಡ್ಡಿ 3,00,000.

ಕಾಗದದ ಮೇಲೆ ಚಂದ ಕಾಣತೈತಿ. ಆದರೆ ಸರಾಸರಿ ಲಾಭ ಎಷ್ಟಿತ್ತು? 3,20,000. ಮೊದಲ ವರ್ಷ ಅಣ್ಣನಿಗೆ 3,00,000 ಕೊಟ್ಟರೆ ತಮ್ಮ, ಅಳಿಯ ಎರಡು ಮನೆಗೆ ಉಳಿಯೋದು 20,000. ಆ ವರ್ಷ ಲಾಭ ಎರಡು ಲಕ್ಷಕ್ಕೆ ಇಳಿದರೆ, ನಾವು ನೋಡಿದ ಮೂರು ವರ್ಷದಲ್ಲಿ ಒಮ್ಮೆ ಇಳಿದೇ ಇದೆ, ಕಂತು ಕಟ್ಟಲಿಕ್ಕೆ ಕಾಳು ಕೊಳ್ಳುವ ರೊಕ್ಕಕ್ಕೆ ಕೈ ಹಾಕಬೇಕು. ಅಂಗಡಿ ಸೊರಗೋದು ಹಿಂಗ. ಅಂಗಡಿ ಸೊರಗಿದರೆ ಅಣ್ಣನ ಉಳಿದ ಕಂತೂ ಮುಳುಗಿತು. ಹಾಗಾಗಿ ಕಂತಿನ ಅವಧಿ ಗೊತ್ತು ಮಾಡುವಾಗ ಒಟ್ಟು ಬಾಕಿ ನೋಡಬ್ಯಾಡ್ರಿ, ಕೆಟ್ಟ ವರ್ಷದ ಲಾಭ ನೋಡ್ರಿ. ಎಂಟು ವರ್ಷಕ್ಕೆ ಹಂಚಿದರೆ ಅಸಲು 1,25,000, ಮೊದಲ ವರ್ಷದ ಭಾರ 2,25,000. ಬಡ್ಡಿ ಒಟ್ಟು 4,50,000 ಆಗತೈತಿ, ಒಂದೂವರೆ ಲಕ್ಷ ಜಾಸ್ತಿ. ಕೆಟ್ಟ ವರ್ಷಕ್ಕೆ ಇದೂ ತುಸು ಭಾರವೇ. ಅದಕ್ಕ ಕಂತಿನ ತಾರೀಖನ್ನ ಮಾರ್ಚಿಗೆ ಇಡದೆ ಸುಗ್ಗಿ ಮಾಲು ಮಾರಿ ರೊಕ್ಕ ಕೈಸೇರುವ ತಿಂಗಳಿಗೆ ಇಡ್ರಿ. ಬರ ಬಿದ್ದ ವರ್ಷ ಬಡ್ಡಿ ಮಾತ್ರ ಕೊಟ್ಟು ಅಸಲನ್ನು ಒಮ್ಮೆ ಮುಂದೂಡಬಹುದು ಅನ್ನೋ ಕಲಮನ್ನೂ ಸೇರಿಸ್ರಿ.

ಬಡ್ಡಿ ವಿಷಯ ಏನೂ ಬರೆಯದೇ ಹೋದರೆ? 37ನೇ ಕಲಮು ಬಿಟ್ಟುಹೋದವರ ಕೈಗೆ ಆಯ್ಕೆ ಕೊಡುತ್ತದೆ. ಹಣ ಚುಕ್ತಾ ಮಾಡದೆ ವ್ಯಾಪಾರ ಮುಂದುವರಿಸಿದರೆ, ತನ್ನ ಪಾಲಿನ ಆಸ್ತಿಯಿಂದ ಬಂದ ಲಾಭ ಕೇಳಬಹುದು, ಇಲ್ಲವೇ ವರ್ಷಕ್ಕೆ ಶೇಕಡಾ 6 ಬಡ್ಡಿ ಕೇಳಬಹುದು. ಛಲೋ ಸುಗ್ಗಿ ಬಂದ ವರ್ಷ ಅಣ್ಣ ಬಡ್ಡಿ ಬಿಟ್ಟು ಲಾಭವನ್ನೇ ಕೇಳಿದರೆ ತಮ್ಮ ಬೆಚ್ಚಿಬೀಳಬಾರದು.

ಇನ್ನ ತೆರಿಗೆ. 2021ರಲ್ಲಿ ಬದಲಾದ ನಿಯಮದ ಪ್ರಕಾರ, ಬಿಡುವವರಿಗೆ ಅವರ ಬಂಡವಾಳ ಖಾತೆಯ ಬಾಕಿಗಿಂತ ಹೆಚ್ಚು ಕೊಟ್ಟರೆ, ಆ ಹೆಚ್ಚಿನದ್ದು ಸಂಸ್ಥೆಯ ಬಂಡವಾಳ ಲಾಭ ಅಂತ ಎಣಿಕೆ. ಬಾಕಿ ಎಣಿಸುವಾಗ ಪುನರ್‌ಮೌಲ್ಯಮಾಪನದ ಏರಿಕೆ, ತಾವೇ ಬೆಳೆಸಿದ ಗುಡ್‌ವಿಲ್ ಎರಡನ್ನೂ ಸೇರಿಸುವಂತಿಲ್ಲ. ನಮ್ಮ ಲೆಕ್ಕದಾಗ ಆ ಹೆಚ್ಚಿನದ್ದು 3,15,000. ತೆರಿಗೆ ಕಟ್ಟೋದು ಅಣ್ಣ ಅಲ್ಲ, ಉಳಿದಿಬ್ಬರ ಸಂಸ್ಥೆ. ಇದನ್ನು ಸಹಿ ಹಾಕುವ ಮೊದಲೇ ಲೆಕ್ಕಪರಿಶೋಧಕರ ಹತ್ತಿರ ಕೂತು ನೋಡ್ರಿ.

ಅಣ್ಣನ ಕಡೆಯಿಂದ ನೋಡಿದರೆ ಎರಡು ಅಪಾಯ ಅದಾವ. ಸಂಸ್ಥೆ ನೋಂದಣಿ ಆಗಿಲ್ಲದಿದ್ದರೆ, ಅಥವಾ ನೋಂದಣಿ ಪುಸ್ತಕದಲ್ಲಿ ಅಣ್ಣನ ಹೆಸರೇ ಇಲ್ಲದಿದ್ದರೆ, ಪಾಲುದಾರನಾಗಿ ಕೋರ್ಟಿಗೆ ಹೋಗುವ ದಾರಿಯನ್ನು 69ನೇ ಕಲಮು ಮುಚ್ಚುತ್ತದೆ. ಕಂತು ತಪ್ಪಿದ ಮೇಲೆ ಇದು ಗೊತ್ತಾಗಿ ಉಪಯೋಗವಿಲ್ಲ. ಎರಡನೇದು, ಅಣ್ಣ ಅಂಗಡಿ ಬಿಟ್ಟಿದ್ದು ಊರಿಗೆ ಗೊತ್ತಿದ್ದರ ಸಾಲದು, ಸಾರ್ವಜನಿಕ ನೋಟಿಸ್ ಆಗಬೇಕು. ನೋಂದಣಿಯಾದ ಸಂಸ್ಥೆ ಆದರೆ ರಿಜಿಸ್ಟ್ರಾರ್ ಆಫ್ ಫರ್ಮ್ಸ್‌ಗೆ ತಿಳಿಸಬೇಕು, ರಾಜ್ಯಪತ್ರದಲ್ಲೂ ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಿಸಬೇಕು. ಅಲ್ಲಿಯವರೆಗೆ ತಮ್ಮ ಮಾಡಿದ ಹೊಸ ಸಾಲಕ್ಕೂ ಅಣ್ಣನ ಹೆಸರು ತಗಲಿಕೊಂಡೇ ಇರುತ್ತದೆ. ಹಳೇ 4,00,000 ಬ್ಯಾಂಕ್ ಸಾಲಕ್ಕಂತೂ ನೋಟಿಸ್ ಸಾಕಾಗೋದಿಲ್ಲ. ಬ್ಯಾಂಕೂ ಒಪ್ಪಿ, ಅಣ್ಣನನ್ನು ಬಿಟ್ಟಿದ್ದೇವೆ ಅಂತ ಬರೆದುಕೊಡಬೇಕು. ಆ ಪತ್ರ ಕೈಗೆ ಬಂದ ಮೇಲೆ ಬಿಡುಗಡೆ ಪತ್ರಕ್ಕ ಸಹಿ ಹಾಕಲಿ.