ಬ್ಲಾಕ್ ಅಡ್ಡಕ್ಕೆ, ಹೊತ್ತು ಉದ್ದಕ್ಕೆ: ಉತ್ತರಗಳನ್ನು ಎಣಿಸುವ ಚೌಕುಳಿ

ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿನ ಕಮಿಟಿಯೊಂದು ನಿವಾಸಿಗಳಿಗೆ ಗೂಗಲ್ ಫಾರ್ಮ್ ಕಳಿಸುತ್ತದೆ ಎಂದುಕೊಳ್ಳಿ. ಕೇಳುವುದು ಎರಡೇ ಪ್ರಶ್ನೆ: ನೀವು ಯಾವ ಬ್ಲಾಕ್? ನೀರು ಬೆಳಗ್ಗೆ ಬಿಡಬೇಕೋ, ಸಂಜೆ ಬಿಡಬೇಕೋ? ಅರವತ್ತು ಮನೆಯವರು ಉತ್ತರಿಸುತ್ತಾರೆ. ಫಾರ್ಮ್ ತಾನಾಗಿಯೇ ಬಣ್ಣದ ಚಕ್ರವೊಂದನ್ನು ಬರೆದು ತೋರಿಸುತ್ತದೆ: ಬೆಳಗ್ಗೆ ಎಂದವರು 36, ಸಂಜೆ ಎಂದವರು 24. ಇನ್ನೊಂದು ಚಕ್ರದಲ್ಲಿ ಎ ಬ್ಲಾಕಿನವರು 24, ಬಿ 20, ಸಿ 16. ಬಹುಮತ ಬೆಳಗ್ಗೆಗೆ ಬಂತು, ತೀರ್ಮಾನವಾಯಿತು ಎಂದು ಸೆಕ್ರೆಟರಿ ಸಭೆ ಮುಗಿಸಿಬಿಡಬಹುದು.

ಆದರೆ ವಾಲ್ವ್ ತಿರುಗಿಸುವುದು ಬ್ಲಾಕಿಗೊಂದರಂತೆ. ಹಾಗಿರುವಾಗ ತಿಳಿಯಬೇಕಾದದ್ದು ಒಟ್ಟು ಎಷ್ಟು ಜನ ಬೆಳಗ್ಗೆ ಎಂದರು ಎಂಬುದಲ್ಲ, ಯಾವ ಬ್ಲಾಕಿನಲ್ಲಿ ಎಷ್ಟು ಜನ ಹಾಗೆಂದರು ಎಂಬುದು. ಆ ಎರಡು ಚಕ್ರಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಇದು ಸಿಗುವುದಿಲ್ಲ. ಮೂರೂ ಬ್ಲಾಕುಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬೆಳಗ್ಗೆ ಎಂದಿದ್ದರೂ ಒಟ್ಟು 36 ಬರಬಹುದು, ಒಂದು ಬ್ಲಾಕ್ ಪೂರ್ತಿ ತಿರುಗಿಬಿದ್ದಿದ್ದರೂ 36 ಬರಬಹುದು. ಅದಕ್ಕೆ ಎರಡು ಪ್ರಶ್ನೆಗಳನ್ನು ಒಂದರ ಮೇಲೊಂದು ಅಡ್ಡ ಹಾಯಿಸಿ ಎಣಿಸಬೇಕು. ನಮ್ಮ ಉದಾಹರಣೆಯಲ್ಲಿ ಹೀಗೆ ಬಂತೆನ್ನಿ:

| ಬ್ಲಾಕ್ | ಬೆಳಗ್ಗೆ | ಸಂಜೆ | ಒಟ್ಟು |
|---|---|---|---|
| ಎ | 21 | 3 | 24 |
| ಬಿ | 11 | 9 | 20 |
| ಸಿ | 4 | 12 | 16 |
| ಒಟ್ಟು | 36 | 24 | 60 |

ಕೊನೆಯ ಸಾಲು, ಕೊನೆಯ ಕಂಬಸಾಲು ಎರಡೂ ಹಳೆಯ ಚಕ್ರಗಳಲ್ಲಿದ್ದ ಅಂಕಿಗಳೇ. ಹೊಸ ವಿಷಯವೆಲ್ಲ ನಡುವಿನ ಆರು ಮನೆಗಳಲ್ಲಿದೆ. ಸಿ ಬ್ಲಾಕಿನವರಿಗೆ ಸಂಜೆ ಬೇಕು, ಎ ಬ್ಲಾಕಿನವರಿಗೆ ಬೆಳಗ್ಗೆ ಬೇಕು, ಬಿ ಬ್ಲಾಕಿನವರಲ್ಲಿ ಒಮ್ಮತವಿಲ್ಲ. ಎಲ್ಲರಿಗೂ ಬೆಳಗ್ಗೆ ಬಿಡುವ ತೀರ್ಮಾನ ಸಿ ಬ್ಲಾಕಿನ ಮಟ್ಟಿಗೆ ತಪ್ಪಾಗುತ್ತಿತ್ತು.

ಇದನ್ನು ಮಾಡಲು ಕಾಗದ, ಪೆನ್ನು ಸಾಕು. ಖಾಲಿ ಚೌಕುಳಿ ಎಳೆದು, ಉತ್ತರಗಳ ಪಟ್ಟಿಯನ್ನು ಮೇಲಿನಿಂದ ಓದುತ್ತ, ಪ್ರತಿ ಉತ್ತರಕ್ಕೂ ಅದರ ಮನೆಯಲ್ಲಿ ಒಂದು ಗೀಟು ಹಾಕುತ್ತ ಹೋಗುವುದು. ಒಂದು ಉತ್ತರಕ್ಕೆ ಒಂದೇ ಗೀಟು, ಒಂದೇ ಮನೆಯಲ್ಲಿ. ಪಟ್ಟಿ ದೊಡ್ಡದಾದರೆ ಶೀಟಿನಲ್ಲಿ ಮಾಡಿ. ಫಾರ್ಮಿನ ಉತ್ತರಗಳು ಬಂದು ಬೀಳುವ ಹಾಳೆಯ ಹೆಸರು `Form Responses 1`. ಅದರ `A` ಕಾಲಮ್ಮಿನಲ್ಲಿ ಉತ್ತರ ಬಂದ ಸಮಯ, `B` ಯಲ್ಲಿ ಬ್ಲಾಕ್, `C` ಯಲ್ಲಿ ಹೊತ್ತು ಇದೆ ಎನ್ನೋಣ. ಅದೇ ಹಾಳೆಯಲ್ಲಿ ಏನನ್ನೂ ಬರೆಯಲು ಹೋಗಬೇಡಿ. ಹೊಸ ಉತ್ತರ ಬಂದಾಗ ಸಾಲುಗಳು ಸರಿದು ಲೆಕ್ಕ ಕೆಡಬಹುದು. ಬೇರೆ ಹಾಳೆ ತೆರೆದು, ಮೊದಲ ಕಾಲಮ್ಮಿನಲ್ಲಿ `A2` ಇಂದ ಕೆಳಕ್ಕೆ ಬ್ಲಾಕಿನ ಹೆಸರುಗಳನ್ನೂ, ಮೊದಲ ಸಾಲಿನಲ್ಲಿ `B1`, `C1` ಗಳಲ್ಲಿ ‘ಬೆಳಗ್ಗೆ’, ‘ಸಂಜೆ’ ಎಂದೂ ಬರೆಯಿರಿ. ಆಮೇಲೆ `B2` ನಲ್ಲಿ ಈ ಸೂತ್ರ:

```
=COUNTIFS('Form Responses 1'!$B:$B,$A2,'Form Responses 1'!$C:$C,B$1)
```

ಬ್ಲಾಕ್ ಇದು, ಹೊತ್ತು ಇದು, ಎರಡೂ ಒಂದೇ ಸಾಲಿನಲ್ಲಿ ಸಿಕ್ಕರೆ ಮಾತ್ರ ಒಂದೆಂದು ಎಣಿಸು ಎಂಬುದು ಇದರ ಅರ್ಥ. ಡಾಲರ್ ಚಿಹ್ನೆಯ ಕೆಲಸ, ಸೂತ್ರವನ್ನು ಪಕ್ಕಕ್ಕೂ ಕೆಳಕ್ಕೂ ಎಳೆದಾಗ ಅದು ಯಾವುದನ್ನು ಬಿಡಬಾರದೋ ಅದನ್ನು ಹಿಡಿದಿಡುವುದು. `$A2` ಎಂದರೆ ಕಾಲಮ್ ಬದಲಾಗದು, ಸಾಲು ಬದಲಾದೀತು. `B$1` ಅದಕ್ಕೆ ತಿರುಗುಮುರುಗು. ಈ ಚಿಹ್ನೆ ತಪ್ಪಿದರೆ ಮೊದಲ ಮನೆ ಸರಿಯಿದ್ದು ಉಳಿದವು ಸೊನ್ನೆಯೋ ಅಸಂಬದ್ಧವೋ ಆಗುತ್ತವೆ.

ಈಗ ನಿಜವಾದ ತೊಂದರೆಗೆ ಬರೋಣ. ಕೋಷ್ಟಕ ಸಿದ್ಧವಾಯಿತು, ಒಟ್ಟು ಹಾಕಿದರೆ 56. ಉತ್ತರಗಳಿರುವುದು 60. ನಾಲ್ವರು ಎಲ್ಲಿ ಹೋದರು?

ಪ್ರಶ್ನೆಗೆ ಆಯ್ಕೆಗಳನ್ನು ಕೊಡದೆ, ಜನ ತಾವೇ ಬರೆಯುವಂತೆ ಬಿಟ್ಟಿದ್ದರೆ ಹೀಗಾಗುವುದು ಸಾಮಾನ್ಯ. ನಾಲ್ಕು ಜನ ‘ಬೆಳಿಗ್ಗೆ’ ಎಂದು ಬರೆದಿದ್ದಾರೆ, ನಿಮ್ಮ ತಲೆಬರಹದಲ್ಲಿರುವುದು ‘ಬೆಳಗ್ಗೆ’. ನಮಗೆ ಎರಡೂ ಒಂದೇ, ಶೀಟಿಗೆ ಬೇರೆ ಬೇರೆ. ಕೆಲವೊಮ್ಮೆ ಪದದ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದುಕೊಂಡಿರುತ್ತದೆ. ಅದನ್ನು `TRIM` ತೆಗೆದುಹಾಕುತ್ತದೆ. ಕನ್ನಡ ಟೈಪಿಂಗ್‌ನಲ್ಲಿ ಒತ್ತಕ್ಷರ ಬೇಡವಾದಾಗ ಬಳಸುವ ಕಾಣದ ಅಕ್ಷರವೂ ಪದದೊಳಗೆ ಸೇರಿರಬಹುದು. `TRIM` ಅದನ್ನು ತೆಗೆಯುವುದಿಲ್ಲ, ಪದಗಳು ಕಣ್ಣಿಗೆ ಒಂದೇ ತೆರನಾಗಿ ಕಾಣುತ್ತವೆ. ಕೆಟ್ಟ ಸಂಗತಿ ಎಂದರೆ, ಹೊಂದದ ಉತ್ತರವನ್ನು `COUNTIFS` ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ದೋಷ ಎಂದು ಎಲ್ಲೂ ಹೇಳುವುದಿಲ್ಲ.

ಆದ್ದರಿಂದ ಕೋಷ್ಟಕದ ಕೆಳಗೆ ಒಂದು ಮನೆಯಲ್ಲಿ ಇದನ್ನೂ ಬರೆದಿಡಿ:

```
=COUNTA('Form Responses 1'!$A:$A)-1
```

ಪ್ರತಿ ಉತ್ತರಕ್ಕೂ ಸಮಯ ದಾಖಲಾಗಿರುವುದರಿಂದ ಬಂದ ಉತ್ತರಗಳ ಸಂಖ್ಯೆ ಇದರಿಂದ ಸಿಗುತ್ತದೆ. ಒಂದನ್ನು ಕಳೆದದ್ದು ತಲೆಬರಹಕ್ಕಾಗಿ. ಈ ಸಂಖ್ಯೆ ಕೋಷ್ಟಕದ ಒಟ್ಟಿಗೆ ಸಮವಾಗಬೇಕು. ಆಗದಿದ್ದರೆ ಒಂದು ಖಾಲಿ ಹಾಳೆಯಲ್ಲಿ `=UNIQUE('Form Responses 1'!C:C)` ಎಂದು ಕೊಡಿ. ಎಷ್ಟು ಬಗೆಯ ಉತ್ತರಗಳಿವೆಯೋ ಅಷ್ಟೂ ಒಂದರ ಕೆಳಗೊಂದು ಬರುತ್ತವೆ, ಕಳ್ಳ ಸಿಕ್ಕಿಬೀಳುತ್ತಾನೆ.

ಸೂತ್ರದ ಗೊಡವೆ ಬೇಡ ಎನ್ನುವವರಿಗೆ ಪಿವೋಟ್ ಟೇಬಲ್ ಇದೆ: `Insert` ಪಟ್ಟಿಯಲ್ಲಿ `Pivot table` ಆರಿಸಿ, `Rows` ಗೆ ಬ್ಲಾಕ್, `Columns` ಗೆ ಹೊತ್ತು, `Values` ಗೆ ಸಮಯದ ಕಾಲಮ್ ಹಾಕಿ, ಎಣಿಕೆಗೆ `COUNTA` ಎಂದರೆ ಮುಗಿಯಿತು. ಮೊದಲ ಬಾರಿಗೆ ನಾನು ಇದನ್ನೇ ಹೇಳುತ್ತೇನೆ, ಸುಲಭ ಎಂದಲ್ಲ. ಪಿವೋಟ್ ಯಾರನ್ನೂ ಬಿಡುವುದಿಲ್ಲ. ‘ಬೆಳಗ್ಗೆ’ಗೆ ಒಂದು, ‘ಬೆಳಿಗ್ಗೆ’ಗೆ ಇನ್ನೊಂದು, ಉತ್ತರ ಬರೆಯದವರಿಗೆ ಮತ್ತೊಂದು ಕಾಲಮ್ ಮಾಡಿ ಕೊಳೆಯನ್ನು ಎದುರಿಗೇ ಇಡುತ್ತದೆ.

ಇನ್ನು ಶೇಕಡಾ. ಸಿ ಬ್ಲಾಕ್, ಸಂಜೆ ಎಂಬ ಮನೆಯಲ್ಲಿ 12 ಇದೆ. ಅದನ್ನು ಸಾಲಿನ ಒಟ್ಟು 16ರಿಂದ ಭಾಗಿಸಿದರೆ ಶೇ. 75, ಅಂದರೆ ಉತ್ತರಿಸಿದ ಸಿ ಬ್ಲಾಕಿನವರಲ್ಲಿ ಮುಕ್ಕಾಲು ಜನಕ್ಕೆ ಸಂಜೆ ಬೇಕು. ಕಂಬಸಾಲಿನ ಒಟ್ಟು 24ರಿಂದ ಭಾಗಿಸಿದರೆ ಶೇ. 50, ಸಂಜೆ ಬೇಕೆಂದವರಲ್ಲಿ ಅರ್ಧದಷ್ಟು ಜನ ಸಿ ಬ್ಲಾಕಿನವರು. ಎರಡೂ ನಿಜ, ಆದರೆ ಸಿ ಬ್ಲಾಕಿನ ವಾಲ್ವ್ ಯಾವಾಗ ತಿರುಗಿಸಬೇಕು ಎಂಬುದಕ್ಕೆ ಉತ್ತರ ಮೊದಲನೆಯದು ಮಾತ್ರ. ಸಭೆಗಳಲ್ಲಿ ಜಗಳ ಹುಟ್ಟುವುದು ಎಷ್ಟೋ ಸಲ ಒಬ್ಬರು ಸಾಲಿನ ಶೇಕಡಾ, ಇನ್ನೊಬ್ಬರು ಕಂಬಸಾಲಿನ ಶೇಕಡಾ ಹಿಡಿದು ಮಾತಾಡುವುದರಿಂದ. ಯಾವುದರ ಬಗ್ಗೆ ತೀರ್ಮಾನ ಆಗಬೇಕೋ ಅದರ ಒಟ್ಟಿನಿಂದ ಭಾಗಿಸಿ. ಎ ಬ್ಲಾಕಿನ ಸಂಜೆಯ 3ರಂಥ ಸಣ್ಣ ಅಂಕಿಗಳನ್ನು ಶೇಕಡಾ ಮಾಡದೆ ಮೂವರು ಎಂದೇ ಹೇಳುವುದು ಮೇಲು. ಇನ್ನಿಬ್ಬರು ಉತ್ತರಿಸಿದ್ದರೆ ಚಿತ್ರವೇ ಬದಲಾಗುತ್ತಿತ್ತು.

ಒಂದು ಮಿತಿಯನ್ನು ಯಾವ ಸೂತ್ರವೂ ನೀಗಿಸದು. ಕೋಷ್ಟಕ ಎಣಿಸುವುದು ಉತ್ತರಗಳನ್ನು, ಮನೆಗಳನ್ನಲ್ಲ. ಒಂದೇ ಮನೆಯಿಂದ ಗಂಡ ಹೆಂಡತಿ ಇಬ್ಬರೂ ಫಾರ್ಮ್ ತುಂಬಿದ್ದರೆ ಎರಡು ಎಣಿಕೆ. ಫ್ಲ್ಯಾಟ್ ಸಂಖ್ಯೆಯನ್ನೂ ಕೇಳಿದ್ದರೆ ಮಾತ್ರ ಅದು ಗೊತ್ತಾಗುತ್ತದೆ. ಸಿ ಬ್ಲಾಕಿನಲ್ಲಿ ನಲವತ್ತು ಮನೆಗಳಿದ್ದರೆ 24 ಮನೆಗಳ ಮನಸ್ಸಿನಲ್ಲಿ ಏನಿದೆ ಎಂದು ಈ ಚೌಕುಳಿ ಹೇಳದು.

ಕೋಷ್ಟಕವನ್ನು ವಾಟ್ಸ್ಯಾಪ್ ಗುಂಪಿಗೆ ಹಾಕುವಾಗ ಕೆಳಗೆ ಒಂದು ಸಾಲು ಸೇರಿಸಿ: ಪ್ರತಿ ಬ್ಲಾಕಿನಲ್ಲಿ ಒಟ್ಟು ಮನೆಗಳೆಷ್ಟು, ಉತ್ತರ ಬಂದವೆಷ್ಟು, ಖಾಲಿ ಬಿಟ್ಟವೆಷ್ಟು.